ಎರಡು ಗೆರೆ ಬಂತು. ಥೈರಾಯ್ಡ್ ಮಾತ್ರೆ ಹಳೆಯ 75 ಸಾಕಾ, ಎಂಟನೇ ವಾರದವರೆಗೆ ಕಾಯಬೇಕಾ?

ಪೆರ್ಲದ ಸೊಸೆ · ಜೂನ್ 3, ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ನಾವಿರುವುದು ಕಾಸರಗೋಡಿನ ಪೆರ್ಲದ ಹತ್ತಿರ. ನನಗೆ 29 ವರ್ಷ. ಥೈರಾಯ್ಡ್ ಕಡಿಮೆ ಅಂತ ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ 75ರ ಮಾತ್ರೆ ತಿನ್ನುತ್ತಿದ್ದೇನೆ. ಚೀಟಿಯಲ್ಲಿ ಹಶಿಮೊಟೊ ಅಂತ ಬರೆದಿದ್ದಾರೆ. ಮಾರ್ಚಿನಲ್ಲಿ ನೋಡಿದಾಗ ಟಿಎಸ್‌ಎಚ್ 2.1 ಇತ್ತು. ಚೆನ್ನಾಗಿದೆ, ಇದನ್ನೇ ಮುಂದುವರಿಸಿ ಅಂದಿದ್ದರು.

ಈಗ ವಿಷಯ ಏನೆಂದರೆ, ಮುಟ್ಟು ಐದು ದಿನ ಮುಂದೆ ಹೋಗಿತ್ತು. ಇವತ್ತು ಬೆಳಿಗ್ಗೆ ಮನೆಯಲ್ಲೇ ನೋಡಿದೆ, ಎರಡು ಗೆರೆ. ತುಂಬಾ ಖುಷಿ. ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿದೆ. ಕೌಂಟರಿನವರು "ಎಂಟನೇ ವಾರಕ್ಕೆ ಬನ್ನಿ, ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲ ಒಟ್ಟಿಗೇ ಆಗುತ್ತದೆ" ಅಂದರು. ಅಂದರೆ ಜೂನ್ 26.

ಅಲ್ಲಿಯವರೆಗೆ 75 ಹಾಗೇ ತಿನ್ನುತ್ತಿದ್ದರೆ ಸಾಕಾ? ಅತ್ತೆ ಬೇರೆ, ಮೊದಲ ಮೂರು ತಿಂಗಳು ಯಾವ ಇಂಗ್ಲಿಷ್ ಮದ್ದೂ ಬೇಡ ಅನ್ನುತ್ತಿದ್ದಾರೆ. ಅವರದ್ದು ಪ್ರೀತಿಯ ಮಾತು, ಗೊತ್ತು. ಆದರೆ ಮಾತ್ರೆ ನಿಲ್ಲಿಸುವುದಕ್ಕೆ ನನಗೆ ಹೆದರಿಕೆ.

ನೀರ್ಚಾಲು ಅಕ್ಕ · ಜೂನ್ 3, ರಾತ್ರಿ 9:05

ಶುಭಾಶಯ ತಂಗಿ. ನನಗೆ ಇಬ್ಬರು ಮಕ್ಕಳು, ಅನುಭವದಿಂದ ಹೇಳುತ್ತೇನೆ. ಬಸುರಿಯಾದ ಶುರುವಿಗೆ ಟಿಎಸ್‌ಎಚ್ ತಾನಾಗಿಯೇ ಇಳಿಯುತ್ತದೆ. ಎರಡನೆಯ ಮಗುವಿಗೆ ಒಂಬತ್ತನೇ ವಾರದಲ್ಲಿ ನನ್ನದು 0.3 ಬಂದಿತ್ತು. ನಾನು ಗಾಬರಿಯಾದೆ. ಡಾಕ್ಟ್ರು ಇದು ಈ ಹೊತ್ತಿನಲ್ಲಿ ಆಗುವಂಥದ್ದೇ, ಮದ್ದು ಬೇಡ ಅಂದರು. ಆಮೇಲೆ ಅದೇ ಸರಿಯಾಯಿತು. ನಿನಗೂ ಹಾಗೇ ಇಳಿಯುತ್ತದೆ. ಈಗ ಮಾತ್ರೆ ಜಾಸ್ತಿ ಮಾಡಿದರೆ ಎದೆ ಬಡಿತ ಶುರುವಾದೀತು. 75 ಸಾಕು, ಸುಮ್ನೆ ತಲೆಬಿಸಿ ಮಾಡಬೇಡ.

ತೋಟದ ಮನೆಯವ · ಜೂನ್ 3, ರಾತ್ರಿ 9:30

ಅಕ್ಕಾ, ನಿಮಗೆ ಮೊದಲಿನಿಂದ ಥೈರಾಯ್ಡ್ ತೊಂದರೆ ಇತ್ತಾ? ಇವರು ನಾಲ್ಕು ವರ್ಷದಿಂದ ಮಾತ್ರೆ ತಿನ್ನುವವರು. ಎರಡೂ ಒಂದೇ ಲೆಕ್ಕ ಆಗುತ್ತದಾ ಅಂತ ನನಗೆ ಸಂಶಯ. ಹೋದ ವರ್ಷ ನನ್ನ ಹೆಂಡತಿಗೆ ಡೋಸ್ ಬೇಗನೇ ಜಾಸ್ತಿ ಮಾಡಿದ್ದರು. ಯಾಕೆ ಅಂತ ಆಗ ಕೇಳಲಿಲ್ಲ. ಒಂದಂತೂ ಹೇಳಬಲ್ಲೆ, ಮಾತ್ರೆ ನಿಲ್ಲಿಸಬೇಡಿ.

ನೀರ್ಚಾಲು ಅಕ್ಕ · ಜೂನ್ 3, ರಾತ್ರಿ 9:34

ಇಲ್ಲಪ್ಪ, ನನಗೆ ಥೈರಾಯ್ಡ್ ಇರಲಿಲ್ಲ. ಬಸುರಿಯಲ್ಲಿ ಎಲ್ಲರಿಗೂ ಒಂದೇ ಅಲ್ವಾ?

ಮಂಜೇಶ್ವರದ ವೈದ್ಯೆ · ಜೂನ್ 3, ರಾತ್ರಿ 10:50

ಡ್ಯೂಟಿ ಮುಗಿಸಿ ಮನೆಗೆ ಬಂದು ಈಗಷ್ಟೇ ಓದಿದೆ. ಪೆರ್ಲದ ತಂಗಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಜೂನ್ 26ರ ತನಕ ಕಾಯಬೇಡಿ. ನಾಳೆ ಬೆಳಿಗ್ಗೆ ನಿಮಗೆ ಥೈರಾಯ್ಡ್ ಮಾತ್ರೆ ಬರೆದುಕೊಟ್ಟ ಡಾಕ್ಟ್ರಿಗೇ ಫೋನ್ ಮಾಡಿ. ಕೌಂಟರಿನವರ ಹತ್ತಿರ ಕೇಳಿ ಬಿಟ್ಟುಬಿಡಬೇಡಿ. "ಎರಡು ಗೆರೆ ಬಂದಿದೆ, ನಾಲ್ಕು ವಾರ ಐದು ದಿನ, 75ರಲ್ಲಿದ್ದೇನೆ, ಈಗಲೇ ಜಾಸ್ತಿ ಮಾಡಬೇಕಾ" ಅಂತ ಕೇಳಿ. ಟಿಎಸ್‌ಎಚ್ ಪರೀಕ್ಷೆಯನ್ನೂ ಈ ವಾರವೇ ಮಾಡಿಸಿ. ಅತ್ತೆಯವರಿಗೆ ಹೀಗೆ ಹೇಳಿ: ಇದು ಹೊರಗಿನ ಮದ್ದಲ್ಲ, ಎಲ್ಲರ ಕುತ್ತಿಗೆಯೊಳಗೆ ತಯಾರಾಗುವ ಹಾರ್ಮೋನೇ. ನಿಮ್ಮ ಸೊಸೆಯಲ್ಲಿ ಅದು ಸಾಕಷ್ಟು ಆಗುತ್ತಿಲ್ಲ, ಆ ಕೊರತೆ ತುಂಬುವುದಕ್ಕೆ ಈ ಮಾತ್ರೆ. ನಿಲ್ಲಿಸಿದರೆ ಮಗುವಿಗೂ ಕಡಿಮೆಯಾಗುತ್ತದೆ.

ಇನ್ನು ನೀರ್ಚಾಲಿನ ಅಕ್ಕ ಹೇಳಿದ ಮಾತು. ಅವರು ಕಂಡದ್ದು ನಿಜ. ಗರ್ಭ ನಿಂತ ಕೂಡಲೇ ಎಚ್‌ಸಿಜಿ ಅನ್ನುವ ಹಾರ್ಮೋನು ಬರುತ್ತದೆ. ಪಟ್ಟಿಯಲ್ಲಿ ಎರಡನೆಯ ಗೆರೆ ಮೂಡಿಸುವುದೂ ಅದೇ. ಅದರ ರೂಪಕ್ಕೂ ಟಿಎಸ್‌ಎಚ್‌ನ ರೂಪಕ್ಕೂ ಹೋಲಿಕೆ ಇದೆ. ಹಾಗಾಗಿ ಅದು ಥೈರಾಯ್ಡ್ ಗ್ರಂಥಿಯನ್ನು ತಟ್ಟಿ ಎಬ್ಬಿಸುತ್ತದೆ, ಗ್ರಂಥಿ ಜಾಸ್ತಿ ಕೆಲಸ ಮಾಡುತ್ತದೆ. ಆಗ ಗ್ರಂಥಿಗೆ ಕೆಲಸ ಮಾಡು ಅಂತ ಹೇಳಲು ಮೆದುಳಿನ ಕಡೆಯಿಂದ ಬರುವ ಟಿಎಸ್‌ಎಚ್‌ಗೆ ಕೆಲಸ ಕಡಿಮೆ, ಅದು ಇಳಿಯುತ್ತದೆ. ಎಂಟರಿಂದ ಹನ್ನೆರಡನೇ ವಾರದ ಒಳಗೆ 0.3 ಕಂಡರೆ ಹೆಚ್ಚಾಗಿ ಕಾರಣ ಇದೇ. ಅವಳಿ ಮಕ್ಕಳಿದ್ದರೆ, ವಾಂತಿ ಜೋರಿದ್ದರೆ ಇನ್ನೂ ಕೆಳಗೆ ಹೋಗುವುದುಂಟು.

ಆದರೆ ಎಬ್ಬಿಸಿದರೆ ಏಳುವಂಥ ಗ್ರಂಥಿ ಇರಬೇಕು. ಹಶಿಮೊಟೊದಲ್ಲಿ ಗ್ರಂಥಿ ಸವೆದುಹೋಗಿರುತ್ತದೆ. ಎಷ್ಟು ತಟ್ಟಿದರೂ ಅಲ್ಲಿಂದ ಹೆಚ್ಚಿಗೆ ಬರುವುದಿಲ್ಲ. ಬೇಡಿಕೆ ಇಬ್ಬರಿಗೂ ಏರುತ್ತದೆ. ಅಕ್ಕನಿಗೆ ಒಳಗಿನಿಂದಲೇ ಬಂತು, ತಂಗಿಗೆ ಬಾಟಲಿಯಿಂದಲೇ ಬರಬೇಕು. ಅದಕ್ಕೇ ಅಕ್ಕನ ಟಿಎಸ್‌ಎಚ್ ಇಳಿದ ದಿನಗಳಲ್ಲೇ ತಂಗಿಯದ್ದು ಏರುತ್ತದೆ.

ಬೇಡಿಕೆ ಏರುವುದು ಯಾಕೆ? ಮುಖ್ಯ ಕಾರಣ ಈಸ್ಟ್ರೋಜನ್. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನನ್ನು ಹೊತ್ತು ತಿರುಗುವ ಒಂದು ಪ್ರೋಟೀನು ಇದೆ. ಈಸ್ಟ್ರೋಜನ್ ಏರಿದಾಗ ಆ ಪ್ರೋಟೀನು ಜಾಸ್ತಿಯಾಗುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಅಂಗಳಕ್ಕೆ ಖಾಲಿ ಗೋಣಿ ಜಾಸ್ತಿ ಬಂದ ಹಾಗೆ. ಇದ್ದ ಅಡಿಕೆಯೆಲ್ಲ ಗೋಣಿಯೊಳಗೆ ಹೋಗುತ್ತದೆ, ಕೈಗೆ ಸಿಗುವಂತೆ ಹೊರಗೆ ಉಳಿಯುವುದು ಕಡಿಮೆ. ಮೈಗೆ ಉಪಯೋಗಕ್ಕೆ ಬರುವುದು ಆ ಹೊರಗಿನದ್ದೇ. ಗೋಣಿಯೂ ತುಂಬಬೇಕು, ಹೊರಗೂ ಇರಬೇಕು ಅಂದರೆ ಅಡಿಕೆ ಜಾಸ್ತಿ ಬೇಕು. ಇದಲ್ಲದೆ ರಕ್ತದ ಪ್ರಮಾಣ ಹೆಚ್ಚುತ್ತದೆ, ಮಾಸು ಕೂಡ ಒಂದಿಷ್ಟು ಹಾರ್ಮೋನನ್ನು ಒಡೆದುಹಾಕುತ್ತದೆ, ಮಗುವಿಗೂ ಪಾಲು ಹೋಗುತ್ತದೆ.

ಇದೆಲ್ಲ ಶುರುವಾಗುವುದು ಐದನೇ ವಾರಕ್ಕೇ. 2004ರಲ್ಲಿ ಅಮೆರಿಕದ ಬೋಸ್ಟನ್ನಿನ ವೈದ್ಯರು ಮಾತ್ರೆ ತಿನ್ನುವ ಹೆಂಗಸರನ್ನು ಗರ್ಭಕ್ಕೆ ಮೊದಲಿನಿಂದಲೇ ಹಿಂಬಾಲಿಸಿ ಇದನ್ನು ತೋರಿಸಿದರು. ಹೆಚ್ಚಿನವರಿಗೆ ಡೋಸ್ ಏರಿಸಬೇಕಾಯಿತು. ಮೊದಲ ಅರ್ಧದಲ್ಲಿ ಸರಾಸರಿ ಏರಿಕೆ ಸುಮಾರು 47 ಶೇಕಡಾ. 16ನೇ ವಾರದ ಹೊತ್ತಿಗೆ ಏರಿಕೆ ನಿಂತಿತು. ಎಂಟನೇ ವಾರಕ್ಕೆ ಮೊದಲ ಭೇಟಿ ಅಂದರೆ ಮೂರು ವಾರ ಕಳೆದುಹೋದ ಹಾಗೆ. ಆ ಹೊತ್ತಿನಲ್ಲಿ ಮಗುವಿಗೆ ತನ್ನದೇ ಥೈರಾಯ್ಡ್ ಇರುವುದಿಲ್ಲ, ತಾಯಿಯದ್ದೇ ಗತಿ.

ಅದಕ್ಕೇ ಈಗ ಸಾಮಾನ್ಯವಾಗಿ ಪಾಲಿಸುವ ಕ್ರಮ ಹೀಗಿದೆ. ಗರ್ಭ ನಿಂತಿದೆ ಅಂತ ಗೊತ್ತಾದ ಕೂಡಲೇ ವಾರಕ್ಕೆ ಎರಡು ಮಾತ್ರೆ ಹೆಚ್ಚಿಗೆ. ಏಳರ ಬದಲು ಒಂಬತ್ತು. ನಿಮ್ಮ 75ರಲ್ಲಿ ಲೆಕ್ಕ ಹಾಕಿದರೆ ವಾರಕ್ಕೆ 525 ಇದ್ದದ್ದು 675 ಆಗುತ್ತದೆ. ಹೊಸ ಬಾಟಲಿ ತರಬೇಕಾಗಿಯೂ ಇಲ್ಲ. ಆದರೆ ಇದನ್ನು ನಿಮ್ಮ ಡಾಕ್ಟ್ರು ಹೂಂ ಅಂದ ಮೇಲೆ ಮಾಡಿ. ಹೃದಯದ ತೊಂದರೆ ಇರುವವರಿಗೆ, ಟಿಎಸ್‌ಎಚ್ ಮೊದಲೇ ತೀರಾ ಕೆಳಗಿರುವವರಿಗೆ ಲೆಕ್ಕ ಬೇರೆ. ನಿಮ್ಮ ಹಳೆಯ ಚೀಟಿ ನೋಡದೆ ನಾನು ಇಲ್ಲಿ ಕೂತು ಡೋಸ್ ಹೇಳುವುದು ಸರಿಯಲ್ಲ.

ನೀರ್ಚಾಲು ಅಕ್ಕ · ಜೂನ್ 3, ರಾತ್ರಿ 11:15

ಓ, ಹಾಗಾ. ನಾನು ಎಲ್ಲರಿಗೂ ಇಳಿಯುತ್ತದೆ ಅಂತಲೇ ತಿಳಿದಿದ್ದೆ. ತಂಗಿ, ನನ್ನ ಮಾತು ಬಿಡು, ನಾಳೆಯೇ ಫೋನ್ ಮಾಡು.

ಪೆರ್ಲದ ಸೊಸೆ · ಜೂನ್ 6, ಸಂಜೆ 6:10

ಎರಡು ದಿನ ಮಳೆಗೆ ನೆಟ್‌ವರ್ಕ್ ಇರಲಿಲ್ಲ, ಹಾಗಾಗಿ ತಡ. ಡಾಕ್ಟ್ರು ಫೋನಿನಲ್ಲಿ ಸಿಕ್ಕಿದರು. ಎರಡೇ ನಿಮಿಷದ ಮಾತು. ಭಾನುವಾರ, ಬುಧವಾರ ಎರಡೆರಡು ಮಾತ್ರೆ, ಉಳಿದ ದಿನ ಒಂದೊಂದು ಅಂದರು. ನಿನ್ನೆ ರಕ್ತ ಕೊಟ್ಟೆ. ಟಿಎಸ್‌ಎಚ್ 3.9. ಮಾರ್ಚಿನಲ್ಲಿ 2.1 ಇದ್ದದ್ದು! ಆದರೆ ರಿಪೋರ್ಟಿನಲ್ಲಿ ದಪ್ಪ ಅಕ್ಷರವೂ ಇಲ್ಲ, ಗುರುತೂ ಇಲ್ಲ. ಪಕ್ಕದಲ್ಲಿ 0.4ರಿಂದ 4.2 ಅಂತ ಇದೆ. ಗಂಡ ನಾರ್ಮಲ್ ಅಂತ ಓದಿದರು. ಡಾಕ್ಟ್ರು ಇಲ್ಲ, ಇದು ಜಾಸ್ತಿ ಅಂದರು. ಯಾವುದನ್ನು ನಂಬುವುದು?

ಉಪ್ಪಳ ಲ್ಯಾಬ್ · ಜೂನ್ 6, ಸಂಜೆ 7:00

ನಾನು 14 ವರ್ಷದಿಂದ ಲ್ಯಾಬಿನಲ್ಲಿ ಕೆಲಸ ಮಾಡುವವನು. ಡಾಕ್ಟ್ರನ್ನೇ ನಂಬಿ. ಪಕ್ಕದಲ್ಲಿ ಬರುವ ಆ ಅಂಕಿ ಸಾಮಾನ್ಯ ದೊಡ್ಡವರದ್ದು, ಗಂಡಸರು ಹೆಂಗಸರು ಎಲ್ಲರಿಗೂ ಅದೇ. ಬಸುರಿ ಅಂತ ನಾವು ಕಂಪ್ಯೂಟರಿಗೆ ಹೇಳಿರುವುದಿಲ್ಲ, ಅದು ತನ್ನಲ್ಲಿರುವ ಅಂಕಿಗೆ ಹೋಲಿಸಿ ಅಚ್ಚು ಹಾಕುತ್ತದೆ. ಮಾತ್ರೆ ತಿನ್ನುವ ಬಸುರಿಯರಿಗೆ ಡಾಕ್ಟ್ರುಗಳು ನೋಡುವುದು 2.5ರ ಕೆಳಗೆ ಇದೆಯಾ ಅಂತ. ಹಾಗಾಗಿ ರಕ್ತ ಕೊಡುವಾಗ ಚೀಟಿಯಲ್ಲಿ ಎಷ್ಟು ವಾರ ಅಂತ ಬರೆಸಿ. ಪ್ರತಿ ಸಲ ಒಂದೇ ಲ್ಯಾಬಿಗೆ ಹೋಗಿ. ಎರಡು ಲ್ಯಾಬಿನ ಮಿಷನ್ ಬೇರೆಯಾದರೆ ಅಂಕಿಯಲ್ಲೂ ಸ್ವಲ್ಪ ಹೆಚ್ಚುಕಮ್ಮಿ ಬರುತ್ತದೆ, ಆಮೇಲೆ ಏರಿತಾ ಇಳಿಯಿತಾ ಅಂತ ತಿಳಿಯುವುದಿಲ್ಲ.

ಇನ್ನೊಂದು. ಫ್ರೀ ಟಿ4 ಕೂಡ ಬರೆದಿದ್ದರೆ ಆ ದಿನ ರಕ್ತ ಕೊಟ್ಟ ಮೇಲೆ ಮಾತ್ರೆ ತಿನ್ನಿ. ತಿಂದು ಬಂದರೆ ಕೆಲವು ಗಂಟೆ ಅದು ಸ್ವಲ್ಪ ಏರಿ ಕಾಣುತ್ತದೆ. ಟಿಎಸ್‌ಎಚ್‌ಗೆ ಹಾಗೇನಿಲ್ಲ.

ಮುಳ್ಳೇರಿಯಾದ ಅಮ್ಮ · ಜೂನ್ 7, ಬೆಳಿಗ್ಗೆ 10:20

ನನ್ನದೂ ಒಂದು ಪ್ರಶ್ನೆ. ನನಗೆ ಗಂಟಿನ ಕಾರಣಕ್ಕೆ ಥೈರಾಯ್ಡನ್ನು ಪೂರ್ತಿ ತೆಗೆದಿದ್ದಾರೆ, ಮೂರು ವರ್ಷ ಆಯ್ತು. 125 ತಿನ್ನುತ್ತಿದ್ದೇನೆ. ಎರಡನೆಯ ಮಗು ಬೇಕು ಅಂತ ಯೋಚನೆ ಇದೆ. ಗ್ರಂಥಿಯೇ ಇಲ್ಲದ ಮೇಲೆ ಏರುಪೇರಿನ ಚಿಂತೆ ನನಗೆ ಇಲ್ಲ ಅಲ್ವಾ? ನೀವು ಮಾತಾಡುತ್ತಿರುವುದು ಥೈರಾಯ್ಡ್ ಕಾಯಿಲೆ ಇರುವವರ ಬಗ್ಗೆ ಅಂತ ನನಗೆ ಅರ್ಥವಾದದ್ದು.

ಮಂಜೇಶ್ವರದ ವೈದ್ಯೆ · ಜೂನ್ 7, ಮಧ್ಯಾಹ್ನ 2:15

ಅಲ್ಲ ಅಮ್ಮ, ನಿಮಗೆ ಚಿಂತೆ ಜಾಸ್ತಿ. ಹಶಿಮೊಟೊದಲ್ಲಿ ಸವೆದ ಗ್ರಂಥಿಯಿಂದ ಒಂದಿಷ್ಟಾದರೂ ಬರುವುದುಂಟು. ನಿಮಗೆ ಎಲ್ಲವೂ ಮಾತ್ರೆಯಿಂದಲೇ. ಗ್ರಂಥಿ ತೆಗೆದವರಿಗೆ ಸಾಮಾನ್ಯವಾಗಿ ಇನ್ನೂ ಹೆಚ್ಚು ಏರಿಸಬೇಕಾಗುತ್ತದೆ. ನೀವು ಇನ್ನೂ ಬಸುರಿಯಾಗಿಲ್ಲ, ಅದೇ ದೊಡ್ಡ ಅನುಕೂಲ. ಈಗಲೇ ಪರೀಕ್ಷೆ ಮಾಡಿಸಿ, ಟಿಎಸ್‌ಎಚ್ 2.5ರ ಕೆಳಗೆ ಬಂದ ಮೇಲೆ ಮಗುವಿಗೆ ಪ್ರಯತ್ನಿಸಿ. ಎರಡು ಗೆರೆ ಬಂದ ದಿನ ಏನು ಮಾಡಬೇಕು ಅಂತ ಈಗಲೇ ಡಾಕ್ಟ್ರಿಂದ ಬರೆಸಿಟ್ಟುಕೊಳ್ಳಿ. ಗಂಟು ಕ್ಯಾನ್ಸರಿನದ್ದಾಗಿದ್ದರೆ ಟಿಎಸ್‌ಎಚ್ ಎಷ್ಟಿರಬೇಕು ಅನ್ನುವ ಗುರಿಯೇ ಬೇರೆ. ಅದನ್ನು ನಿಮ್ಮನ್ನು ನೋಡುವವರೇ ಹೇಳಬೇಕು.

ಪೆರ್ಲದ ತಂಗಿ, 3.9 ನೋಡಿ ಹೆದರಬೇಡಿ. ಐದನೇ ವಾರಕ್ಕೆ ಸಿಕ್ಕಿತು, ಮಾತ್ರೆಯೂ ಏರಿತು. ನಾಲ್ಕು ವಾರ ಬಿಟ್ಟು ಮತ್ತೆ ನೋಡಿ. ಅದಕ್ಕಿಂತ ಮೊದಲು ನೋಡಿದರೆ ಪ್ರಯೋಜನ ಕಡಿಮೆ. ಈ ಮಾತ್ರೆ ಮೈಯಲ್ಲಿ ಅರ್ಧಕ್ಕೆ ಇಳಿಯುವುದಕ್ಕೇ ಒಂದು ವಾರ ಬೇಕು, ಹೊಸ ಡೋಸ್ ನೆಲೆ ನಿಲ್ಲುವುದೂ ಅಷ್ಟೇ ನಿಧಾನ. ಅದಕ್ಕಿಂತ ತಡ ಮಾಡಿದರೆ ಬೇಡಿಕೆ ನಮ್ಮನ್ನು ದಾಟಿ ಹೋಗಿರುತ್ತದೆ.

ತೋಟದ ಮನೆಯವ · ಜೂನ್ 7, ರಾತ್ರಿ 8:30

ಡಾಕ್ಟ್ರೇ, ಒಂದು ದಿನ ಮರೆತರೆ ಏನು ಮಾಡುವುದು? ನಮ್ಮಲ್ಲಿ ಹೋದ ವರ್ಷ ಇದಕ್ಕೇ ಜಗಳ ಆಗುತ್ತಿತ್ತು.

ಮಂಜೇಶ್ವರದ ವೈದ್ಯೆ · ಜೂನ್ 7, ರಾತ್ರಿ 9:40

ಮರುದಿನ ಸೇರಿಸಿ ತಿಂದರೆ ಆಯಿತು ಅಣ್ಣ. ಅರ್ಧಕ್ಕೆ ಇಳಿಯುವುದಕ್ಕೇ ವಾರ ಬೇಕು ಅಂದೆನಲ್ಲ, ಒಂದು ದಿನದ ತಪ್ಪು ಅದರಲ್ಲಿ ಮುಚ್ಚಿಹೋಗುತ್ತದೆ. ವಾರಕ್ಕೆ ಒಂಬತ್ತು ಅಂತ ಎಣಿಸಿ ಒಂದು ಡಬ್ಬಿಯಲ್ಲಿ ಹಾಕಿಡಿ. ಶನಿವಾರ ರಾತ್ರಿ ಖಾಲಿಯಾಗಿರಬೇಕು.

ಪೆರ್ಲದ ಸೊಸೆ · ಜೂನ್ 20, ಬೆಳಿಗ್ಗೆ 11:00

ವಾಂತಿ ಶುರುವಾಗಿದೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದರೆ ಹತ್ತು ನಿಮಿಷದಲ್ಲಿ ನೀರಿನೊಟ್ಟಿಗೆ ಹೊರಗೆ. ಒಂದು ತುಂಡು ಒಣ ದೋಸೆ ತಿಂದರೆ ನಿಲ್ಲುತ್ತದೆ, ಆದರೆ ಮಾತ್ರೆಗೆ ಹೊಟ್ಟೆ ಖಾಲಿ ಇರಬೇಕು ಅಲ್ವಾ?

ಮಂಜೇಶ್ವರದ ವೈದ್ಯೆ · ಜೂನ್ 20, ರಾತ್ರಿ 9:10

ಬೆಳಿಗ್ಗೆಯೇ ಆಗಬೇಕು ಅಂತಿಲ್ಲ. ಹೊಟ್ಟೆ ಖಾಲಿ ಇರಬೇಕು ಅಷ್ಟೇ. ನಿಮಗೆ ಯಾವ ಹೊತ್ತಿನಲ್ಲಿ ವಾಂತಿ ಕಡಿಮೆ ಅಂತ ನೋಡಿ. ಹೆಚ್ಚಿನವರಿಗೆ ರಾತ್ರಿ ಸಲೀಸು. ಏಳೂವರೆಗೆ ಊಟ ಮುಗಿಸಿ, ಮೂರು ಗಂಟೆ ಬಿಟ್ಟು ಹತ್ತೂವರೆಗೆ ನೀರಿನಲ್ಲಿ ನುಂಗಿ ಮಲಗಿ. ಬದಲಿಸುವ ಮೊದಲು ನಿಮ್ಮ ಡಾಕ್ಟ್ರಿಗೂ ತಿಳಿಸಿ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತಿನ್ನಬೇಕಾ ಅಂತಲೂ ಅವರಲ್ಲಿ ಕೇಳಿಟ್ಟುಕೊಳ್ಳಿ. ನಾನು ಸಾಮಾನ್ಯವಾಗಿ ತಿನ್ನಿ ಅನ್ನುತ್ತೇನೆ. ನೀರೂ ನಿಲ್ಲದಷ್ಟು ವಾಂತಿಯಾದರೆ ಇಲ್ಲಿ ಬರೆದು ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಪೈವಳಿಕೆಯವಳು · ಜುಲೈ 2, ಮಧ್ಯಾಹ್ನ 3:30

ಓದುತ್ತಾ ಓದುತ್ತಾ ನನಗೆ ಗೊಂದಲ ಆಯ್ತು. ನನಗೆ ಮೊದಲು ಥೈರಾಯ್ಡ್ ತೊಂದರೆ ಇರಲಿಲ್ಲ. ಹತ್ತನೇ ವಾರದಲ್ಲಿ ಟಿಎಸ್‌ಎಚ್ 3.4. ಒಬ್ಬ ಡಾಕ್ಟ್ರು 25ರ ಮಾತ್ರೆ ಕೊಟ್ಟರು. ಮಂಗಳೂರಿನಲ್ಲಿ ಇನ್ನೊಬ್ಬರು ಬೇಡ, ನಿಲ್ಲಿಸಿ ಅಂದರು. ಇಬ್ಬರೂ ದೊಡ್ಡ ಡಾಕ್ಟ್ರು. ನಾನು ಯಾರ ಮಾತು ಕೇಳಲಿ?

ಮಂಜೇಶ್ವರದ ವೈದ್ಯೆ · ಜುಲೈ 2, ರಾತ್ರಿ 10:00

ನಿಮ್ಮ ಗೊಂದಲ ನಿಮ್ಮೊಬ್ಬರದ್ದಲ್ಲ. ಇದರಲ್ಲಿ ವೈದ್ಯರಿಗೇ ಒಮ್ಮತ ಇಲ್ಲ. 2011ರಲ್ಲಿ ಅಮೆರಿಕದ ಥೈರಾಯ್ಡ್ ಸಂಘದವರು ಮೊದಲ ಮೂರು ತಿಂಗಳಿಗೆ 2.5 ಅಂತ ಗೆರೆ ಎಳೆದಿದ್ದರು. 2017ರಲ್ಲಿ ಅದನ್ನು ಸಡಿಲ ಮಾಡಿ, ಆಯಾ ಊರಿನ ಬಸುರಿಯರ ಅಂಕಿ ಇಲ್ಲದಿದ್ದರೆ ಸುಮಾರು 4 ಅಂತ ಇಟ್ಟರು. ನಮ್ಮ ಕಡೆ ಹಲವು ವೈದ್ಯರು ಹಳೆಯ 2.5ನ್ನೇ ಹಿಡಿದಿದ್ದಾರೆ. ಮೈಯೇ ತನ್ನ ಥೈರಾಯ್ಡ್ ಗ್ರಂಥಿಯ ಮೇಲೆ ದಾಳಿ ಮಾಡುತ್ತಿದೆಯಾ ಅಂತ ನೋಡುವ ಟಿಪಿಒ ಆಂಟಿಬಾಡಿ ಪರೀಕ್ಷೆ ಮಾಡಿಸಿದ್ದೀರಾ? ಅದು ಪಾಸಿಟಿವ್ ಬಂದರೆ ಮಾತ್ರೆ ಕೊಡುವ ಕಡೆಗೆ ತೂಕ ಜಾಸ್ತಿ. ನೆಗೆಟಿವ್ ಬಂದರೆ ನಾನು ಕೊಡದೆ ನಾಲ್ಕು ವಾರ ಬಿಟ್ಟು ನೋಡುತ್ತೇನೆ.

ಸ್ವಲ್ಪ ಮಾತ್ರ ಏರಿದವರಿಗೆ ಮಾತ್ರೆ ಕೊಟ್ಟು ನೋಡಿದ ದೊಡ್ಡ ಅಧ್ಯಯನಗಳಲ್ಲಿ ಮಕ್ಕಳ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅವುಗಳಲ್ಲಿ ಮಾತ್ರೆ ಶುರು ಮಾಡಿದ್ದೇ ಮೂರು ತಿಂಗಳು ಕಳೆಯುವ ಹೊತ್ತಿಗೆ ಅಥವಾ ಆಮೇಲೆ. ಮೊದಲೇ ಕೊಟ್ಟಿದ್ದರೆ ಏನಾಗುತ್ತಿತ್ತು ಅನ್ನುವ ಪ್ರಶ್ನೆ ಹಾಗೇ ಉಳಿದಿದೆ. ಒಂದು ಮಾತು ಮಾತ್ರ ನೆನಪಿಡಿ: ಇದು ನಿಮ್ಮ ವಿಷಯ. ಪೆರ್ಲದ ತಂಗಿಯ ಹಾಗೆ ಮೊದಲಿನಿಂದ ಮಾತ್ರೆಯ ಮೇಲಿರುವವರಲ್ಲಿ ಈ ಚರ್ಚೆ ಇಲ್ಲ.

ಪೈವಳಿಕೆಯವಳು · ಜುಲೈ 2, ರಾತ್ರಿ 10:20

ಟಿಪಿಒ ಯಾರೂ ಬರೆದಿಲ್ಲ. ನಾಳೆ ಕೇಳುತ್ತೇನೆ.

ಪೆರ್ಲದ ಸೊಸೆ · ಜುಲೈ 4, ಸಂಜೆ 5:45

ನಿನ್ನೆ ಒಂಬತ್ತನೇ ವಾರದ ರಿಪೋರ್ಟ್ ಬಂತು, 3.2. ಇಳಿದಿದೆ ಆದರೆ ಸಾಕಾಗಲಿಲ್ಲ. ಡಾಕ್ಟ್ರು ದಿನಕ್ಕೆ 112 ಮಾಡಿದರು. ಪೆರ್ಲ, ಬದಿಯಡ್ಕ ಎರಡೂ ಕಡೆ ಮೆಡಿಕಲ್‌ನಲ್ಲಿ 112 ಸಿಗಲಿಲ್ಲ. ಡಾಕ್ಟ್ರಿಗೆ ಮತ್ತೆ ಫೋನ್ ಮಾಡಿದ್ದಕ್ಕೆ 100ರದ್ದೊಂದು, 12.5ರದ್ದೊಂದು ಸೇರಿಸಿ ತಿನ್ನಿ, ಅದೇ ಕಂಪೆನಿಯದ್ದು ತನ್ನಿ ಅಂದರು. ವಾರಕ್ಕೆ ಲೆಕ್ಕ ಹಾಕಿದೆ. 787.5 ಆಯಿತು. ಮೊದಲಿನ 525ರ ಸರಿಯಾಗಿ ಒಂದೂವರೆ ಪಾಲು! ಇಷ್ಟು ಏರಬಹುದು ಅಂತ ನೀವು ಮೊದಲೇ ಹೇಳಿರದಿದ್ದರೆ ನಾನು ಅಂಗಡಿಯಲ್ಲೇ ಅಳುತ್ತಿದ್ದೆ.

ಪೆರ್ಲದ ಸೊಸೆ · ಆಗಸ್ಟ್ 1, ಬೆಳಿಗ್ಗೆ 9:30

13ನೇ ವಾರ, 1.7. ವಾಂತಿ ನಿಂತಿದೆ. ಮಾತ್ರೆ ಮತ್ತೆ ಬೆಳಿಗ್ಗೆಗೆ ತಂದಿದ್ದೇನೆ. ಆಟಿಯ ಮಳೆ ನೋಡುತ್ತಾ ಒಂದು ಗಂಟೆ ಬಿಟ್ಟು ಕಾಫಿ. ಅತ್ತೆಯೇ ಈಗ ಗಡಿಯಾರ ನೋಡಿ ಕಾಫಿ ಕೊಡುತ್ತಾರೆ.

ಪೆರ್ಲದ ಸೊಸೆ · ಸೆಪ್ಟೆಂಬರ್ 5, ರಾತ್ರಿ 7:20

ದಯವಿಟ್ಟು ಯಾರಾದರೂ ನೋಡಿ. ನಿನ್ನೆ 18ನೇ ವಾರದ ರಿಪೋರ್ಟ್. ಟಿಎಸ್‌ಎಚ್ 4.4. ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. 16ನೇ ವಾರಕ್ಕೆ ಏರಿಕೆ ನಿಲ್ಲುತ್ತದೆ ಅಂದಿದ್ದರಲ್ಲ? ನಾಳೆ ಡಾಕ್ಟ್ರ ಹತ್ತಿರ ಹೋಗುತ್ತಿದ್ದೇನೆ, ಆದರೆ ರಾತ್ರಿ ನಿದ್ದೆ ಬರುವುದಿಲ್ಲ.

ಪುತ್ತಿಗೆ ಆಶಾ · ಸೆಪ್ಟೆಂಬರ್ 5, ರಾತ್ರಿ 7:50

ನಾನು ಆಶಾ ಕಾರ್ಯಕರ್ತೆ. ಥೈರಾಯ್ಡ್ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಒಂದು ಕೇಳುತ್ತೇನೆ. ಕಬ್ಬಿಣದ ಕೆಂಪು ಮಾತ್ರೆ ಶುರು ಮಾಡಿದಿರಾ? ಮೂರು ತಿಂಗಳು ಕಳೆದ ಮೇಲೆ ಎಲ್ಲರಿಗೂ ಕೊಡುತ್ತೇವೆ. ಯಾವ ಹೊತ್ತಿಗೆ ತಿನ್ನುತ್ತೀರಿ?

ಪೆರ್ಲದ ಸೊಸೆ · ಸೆಪ್ಟೆಂಬರ್ 5, ರಾತ್ರಿ 7:58

ಹೌದು, 14ನೇ ವಾರದಿಂದ. ಮರೆಯಬಾರದು ಅಂತ ಥೈರಾಯ್ಡ್ ಮಾತ್ರೆಯ ಜೊತೆಗೇ ತಿನ್ನುತ್ತೇನೆ, ಬೆಳಿಗ್ಗೆ ಆರಕ್ಕೆ. ಕ್ಯಾಲ್ಸಿಯಂ ತಿಂಡಿ ಆದ ಕೂಡಲೇ. ಮಾತ್ರೆಯ ಜೊತೆ ಒಂದು ಕಾಗದ ಕೊಟ್ಟಿದ್ದರು, ಅದು ಮಲಯಾಳದಲ್ಲಿತ್ತು. ನನಗೆ ಮಾತು ಅರ್ಥವಾಗುತ್ತದೆ, ಓದಲು ಬರುವುದಿಲ್ಲ.

ಪುತ್ತಿಗೆ ಆಶಾ · ಸೆಪ್ಟೆಂಬರ್ 5, ರಾತ್ರಿ 8:05

ಅದೇ ಇರಬೇಕು. ನಮ್ಮ ಸಿಸ್ಟರ್ ಥೈರಾಯ್ಡ್ ಮಾತ್ರೆ ತಿನ್ನುವವರಿಗೆ ಕಬ್ಬಿಣದ್ದು ಒಟ್ಟಿಗೆ ಕೊಡಬೇಡ ಅಂತ ಪ್ರತಿ ಮೀಟಿಂಗಿನಲ್ಲೂ ಹೇಳುತ್ತಾರೆ. ಕಾಗದದ ವಿಷಯ ಕೇಳಿ ಬೇಜಾರಾಯ್ತು. ನಾನು ಹೋಗುವ ಮನೆಗಳಲ್ಲಿ ಕನ್ನಡದವರಿಗೆ ಕೈಯಲ್ಲೇ ಬರೆದು ಕೊಡುತ್ತೇನೆ, ಎಲ್ಲ ಕಡೆ ಅದು ಆಗುವುದಿಲ್ಲ.

ಮಂಜೇಶ್ವರದ ವೈದ್ಯೆ · ಸೆಪ್ಟೆಂಬರ್ 5, ರಾತ್ರಿ 9:30

ಆಶಾ ಅಕ್ಕ ಸರಿಯಾಗಿ ಹಿಡಿದಿದ್ದಾರೆ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಥೈರಾಯ್ಡ್ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತವೆ. ಮಾತ್ರೆ ನುಂಗಿದ್ದೀರಿ, ಆದರೆ ರಕ್ತಕ್ಕೆ ಪೂರ್ತಿ ಸೇರಿಲ್ಲ. 13ನೇ ವಾರಕ್ಕೆ 1.7 ಇದ್ದದ್ದು ಐದು ವಾರದಲ್ಲಿ 4.4 ಆಗಿದೆ. ನಡುವೆ ಹೊಸದಾಗಿ ಬಂದದ್ದು ಈ ಎರಡೇ. ಡೋಸ್ ಬದಲಾಗದೆ ಟಿಎಸ್‌ಎಚ್ ದಿಢೀರ್ ಏರಿದರೆ ಮೊದಲು ಕೇಳಬೇಕಾದ್ದು ಹೊಸ ಮಾತ್ರೆ ಯಾವುದು, ಯಾವ ಹೊತ್ತಿಗೆ ಅಂತ. ಇದು ಗೊತ್ತಾಗದೆ ಡೋಸ್ ಏರಿಸಿ, ಆಮೇಲೆ ಯಾರೋ ಕಬ್ಬಿಣದ ಹೊತ್ತು ಬದಲಿಸಿ, ಎದೆ ಢವಢವ ಅಂತ ಬಂದವರನ್ನು ನಾನು ನೋಡಿದ್ದೇನೆ.

ನಾಲ್ಕು ಗಂಟೆಯ ಅಂತರ ಬೇಕು. ಬೆಳಿಗ್ಗೆ ಆರಕ್ಕೆ ಥೈರಾಯ್ಡ್ ಮಾತ್ರೆಯಾದರೆ ಕಬ್ಬಿಣ ಹನ್ನೊಂದಕ್ಕೆ ಇಡಿ, ಲಿಂಬೆ ಶರಬತ್ತಿನ ಜೊತೆಗಾದರೆ ಇನ್ನೂ ಒಳ್ಳೆಯದು. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಮೇಲೆ ಒಂದು, ರಾತ್ರಿ ಊಟದ ಮೇಲೆ ಒಂದು. ಕಬ್ಬಿಣ, ಕ್ಯಾಲ್ಸಿಯಂ ಕೂಡ ಒಟ್ಟಿಗೆ ಬೇಡ. ನಾಳೆ ಡಾಕ್ಟ್ರಿಗೆ ಈ ಹೊತ್ತುಗಳನ್ನೆಲ್ಲ ಬರೆದುಕೊಂಡು ಹೋಗಿ ತೋರಿಸಿ. ಮಗುವಿನ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಈಗ ಅದರ ಗ್ರಂಥಿಯೂ ಕೆಲಸ ಶುರು ಮಾಡಿದೆ, ಪೂರ್ತಿ ನಿಮ್ಮ ಮೇಲೆಯೇ ಇದ್ದ ಮೊದಲ ಮೂರು ತಿಂಗಳಲ್ಲಿ ನಿಮ್ಮದನ್ನು ಬೇಗನೇ ಏರಿಸಿಕೊಂಡಿರಿ. ಇವತ್ತು ಮಲಗಿ.

ಪೆರ್ಲದ ಸೊಸೆ · ಸೆಪ್ಟೆಂಬರ್ 6, ಸಂಜೆ 6:30

ಡಾಕ್ಟ್ರು ಅದನ್ನೇ ಅಂದರು. ಡೋಸ್ 112.5 ಹಾಗೇ ಇರಲಿ, ಹೊತ್ತು ಬದಲಿಸಿ, ನಾಲ್ಕು ವಾರ ಬಿಟ್ಟು ನೋಡುವಾ ಅಂದರು. ಕಬ್ಬಿಣದ ಡಬ್ಬಿಯನ್ನು ಅಡುಗೆಮನೆಯಲ್ಲಿ ಲಿಂಬೆಯ ಬುಟ್ಟಿಯ ಹತ್ತಿರ ಇಟ್ಟಿದ್ದೇನೆ. ಥೈರಾಯ್ಡಿನದ್ದು ಹಾಸಿಗೆಯ ಹತ್ತಿರ.

ಮಂಜೇಶ್ವರದ ವೈದ್ಯೆ · ಸೆಪ್ಟೆಂಬರ್ 6, ರಾತ್ರಿ 10:10

ನಾನಾಗಿದ್ದರೆ ಮೂರು ವಾರಕ್ಕೇ ಒಮ್ಮೆ ನೋಡುತ್ತಿದ್ದೆ. ಇನ್ನು ಕೆಲವರು ಡೋಸನ್ನೂ ಸ್ವಲ್ಪ ಏರಿಸುತ್ತಿದ್ದರು. ನಿಮ್ಮ ಡಾಕ್ಟ್ರು ಹೇಳಿದ್ದೂ ಸರಿಯಾದ ದಾರಿಯೇ.

ಪೆರ್ಲದ ಸೊಸೆ · ಅಕ್ಟೋಬರ್ 3, ಬೆಳಿಗ್ಗೆ 10:15

22ನೇ ವಾರ. ಟಿಎಸ್‌ಎಚ್ 2.0! ಡೋಸ್ ಒಂದು ಚೂರೂ ಬದಲಿಸಿಲ್ಲ. ಹೊತ್ತು ಮಾತ್ರ ಬದಲಿಸಿದ್ದು. ಇನ್ನು 30ನೇ ವಾರದ ಹೊತ್ತಿಗೆ ಒಮ್ಮೆ ನೋಡಿದರೆ ಸಾಕು ಅಂದರು. ಮಗು ಒದೆಯುತ್ತಿದೆ. ಪುತ್ತಿಗೆಯ ಅಕ್ಕನಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಒಂದು ಕೊನೆಯ ಪ್ರಶ್ನೆ. ಹೆರಿಗೆ ಆದ ಮೇಲೆ ಈ 112.5 ಜೀವನಪೂರ್ತಿನಾ? ನನ್ನಲ್ಲಿ ಹಳೆಯ 75ರ ಅರ್ಧ ಬಾಟಲಿ ಇದೆ.

ಮಂಜೇಶ್ವರದ ವೈದ್ಯೆ · ಅಕ್ಟೋಬರ್ 3, ರಾತ್ರಿ 9:20

ತುಂಬಾ ಸಂತೋಷ ಆಯ್ತು. ಹೆರಿಗೆಯಾದ ಕೂಡಲೇ ಈ ಹೆಚ್ಚಿನ ಬೇಡಿಕೆ ಇಳಿಯಲು ಶುರುವಾಗುತ್ತದೆ. ಸಾಮಾನ್ಯವಾಗಿ ಆಗಲೇ ಹಳೆಯ ಡೋಸಿಗೆ ಇಳಿಸುತ್ತಾರೆ, ಆರು ವಾರ ಬಿಟ್ಟು ಟಿಎಸ್‌ಎಚ್ ನೋಡುತ್ತಾರೆ. ಇಳಿಸಲು ಮರೆತು 112.5ರಲ್ಲೇ ಬಾಣಂತನ ಕಳೆದರೆ ಎದೆ ಬಡಿತ, ಬೆವರು, ನಿದ್ದೆ ಇಲ್ಲದಿರುವುದು ಶುರುವಾಗಬಹುದು, ಎಲ್ಲರೂ ಬಾಣಂತಿಯ ಸುಸ್ತು ಅಂತ ಬಿಟ್ಟುಬಿಡುತ್ತಾರೆ. ಹಶಿಮೊಟೊ ಇರುವ ಕೆಲವರಿಗೆ ಮೊದಲಿಗಿಂತ ಸ್ವಲ್ಪ ಜಾಸ್ತಿ ಬೇಕಾಗುವುದೂ ಉಂಟು, ಅದು ಆರು ವಾರದ ರಿಪೋರ್ಟಿನಲ್ಲಿ ತಿಳಿಯುತ್ತದೆ. ಹಾಲು ಕುಡಿಸುವುದಕ್ಕೆ ಈ ಮಾತ್ರೆಯಿಂದ ತೊಂದರೆ ಇಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಹೊಸ ಡೋಸ್ ಬರೆಸಿಕೊಂಡೇ ಮನೆಗೆ ಬನ್ನಿ. ಆ ಅರ್ಧ ಬಾಟಲಿಯ ಮೇಲೆ ಅವಧಿ ಯಾವ ತಿಂಗಳವರೆಗೆ ಇದೆ ನೋಡಿದಿರಾ?

ಪೆರ್ಲದ ಸೊಸೆ · ಅಕ್ಟೋಬರ್ 3, ರಾತ್ರಿ 9:31

ನೋಡಿದೆ. ಡಿಸೆಂಬರ್. ಹೆರಿಗೆ ಫೆಬ್ರವರಿಗೆ. ಹೊಸದೇ ತರಬೇಕು.

ಪೈವಳಿಕೆಯವಳು · ಅಕ್ಟೋಬರ್ 3, ರಾತ್ರಿ 10:05

ನನ್ನ ಟಿಪಿಒ ನೆಗೆಟಿವ್ ಬಂದಿತ್ತು, ಹೇಳಲು ಮರೆತೆ. 25 ನಿಲ್ಲಿಸಿದೆ. ಆಮೇಲೆ ಟಿಎಸ್‌ಎಚ್ 2.8. ಮೊದಲ ಡಾಕ್ಟ್ರು ಈಗಲೂ ನಿಲ್ಲಿಸಬಾರದಿತ್ತು ಅನ್ನುತ್ತಾರೆ.